ಗೇನ್ ಇಳಿಸಿದರೆ ಓಲಾಟ ಯಾಕೆ ಹೆಚ್ಚಾಗುತ್ತದೆ? ಮಾಳಿಗೆ ಆಂಟೆನಾ ಲೂಪಿಗೆ ಉತ್ತರ

"ಮಾಳಿಗೆ ಮೇಲಿನ ಆಂಟೆನಾ ತಿರುಗಿಸೋ ಮೋಟಾರ್, ಟಾರ್ಕ್ ಮೋಡ್ ಡ್ರೈವರ್, ಪಿಐಡಿ. ನನ್ನ ಮಾಡೆಲ್ `L = K(s+5)²/(s³(1+s/100)²)`. K = 25 ಇದ್ದಾಗ ಚೆನ್ನಾಗಿತ್ತು. ಮೆತ್ತಗೆ ತಿರುಗಲಿ ಅಂತ 2ಕ್ಕೆ ಇಳಿಸಿದೆ. ಈಗ ನಿಧಾನಕ್ಕೆ ಓಲಾಡ್ತಾ ಜಾಸ್ತಿ ಆಗ್ತಾನೇ ಹೋಗುತ್ತೆ. ಗೇನ್ ಇಳಿಸಿದ್ರೆ ಸ್ಥಿರ ಆಗ್ಬೇಕಲ್ವಾ? ನೈಕ್ವಿಸ್ಟ್ ಗೆರೆ −8ರ ಹತ್ತಿರ ದಾಟಿದಾಗ್ಲೇ ಸ್ಥಿರ ಇತ್ತು, ಅದು ಹೇಗೆ?" (ಬಾಗಲಕೋಟೆ)

ತಮ್ಮಾ, ನಿನ್ನ ಮಾಡೆಲ್ ಸರಿ ಇದೆ, ಗೆರೆಯೂ ಸರಿ ಇದೆ. ಮೇಲೆ ಒಬ್ಬರು "180 ಡಿಗ್ರಿ ಹಿಂದೆ ಬಿದ್ದ ಕಡೆ ಗೇನ್ 1ಕ್ಕಿಂತ ಕಡಿಮೆ ಇರಲೇಬೇಕು, ಪ್ಲಾಟ್ ತಪ್ಪು" ಅಂದಿದ್ದಾರೆ. ಆ ನಿಯಮ ನಂಬಬಹುದಾದದ್ದು ಗೆರೆ ಆ ಕೋನವನ್ನು ಒಂದೇ ಸಲ ದಾಟುವ ಲೂಪಿಗೆ. ನಿನ್ನದು ಎರಡು ಸಲ ದಾಟುತ್ತದೆ.

ಎಲ್ಲೆಲ್ಲಿ ದಾಟುತ್ತದೆ ನೋಡೋಣ. ಆಂಟೆನಾದ ಜಡತ್ವದಿಂದ ಎರಡು ಇಂಟಿಗ್ರೇಟರ್, ನಿನ್ನ ಪಿಐಡಿಯ ಇಂಟಿಗ್ರಲ್ ಗೇನ್ Ki ಇಂದ ಮೂರನೆಯದು. ಹಾಗಾಗಿ ತೀರಾ ನಿಧಾನದ ಚಲನೆಗೆ ಫೇಸ್ −270 ಡಿಗ್ರಿ. 5ರಲ್ಲಿರುವ ಎರಡು ಝೀರೋಗಳು ಅದನ್ನು ಮೇಲೆತ್ತುತ್ತಾ ಬರುತ್ತವೆ. ಆಮೇಲೆ 100ರಲ್ಲಿರುವ ಫಿಲ್ಟರ್ ಮತ್ತು ಡ್ರೈವರ್ ಸೇರಿ ಮತ್ತೆ ಕೆಳಗೆ ಎಳೆಯುತ್ತವೆ. ಫೇಸ್ −180 ಆಗುವ ಜಾಗ ಹುಡುಕಿದರೆ `w² − 95w + 500 = 0` ಬರುತ್ತದೆ. ಉತ್ತರ ಸುಮಾರು 5.6 ಮತ್ತು 89 ರೇಡಿಯನ್ ಪ್ರತಿ ಸೆಕೆಂಡ್. ಇವೆರಡರ ನಡುವೆ ಮಾತ್ರ ಫೇಸ್ −180ಕ್ಕಿಂತ ಮೇಲಿದೆ. ಲೂಪ್ ಗೇನ್ 1 ಆಗುವ ಜಾಗ ಈ ಕಿಟಕಿಯೊಳಗೇ ಬೀಳಬೇಕು. K = 25ಕ್ಕೆ ಅದು ಸುಮಾರು 25 ರೇಡಿಯನ್ ಹತ್ತಿರ ಬೀಳುತ್ತದೆ, ಫೇಸ್ ಮಾರ್ಜಿನ್ 39 ಡಿಗ್ರಿ ಆಸುಪಾಸು. ನೀನು K = 2 ಮಾಡಿದಾಗ ಅದು 5.6ಕ್ಕಿಂತ ಕೆಳಗೆ ಜಾರಿತು. ಅಲ್ಲಿಗೆ ಝೀರೋಗಳ ಸಹಾಯ ಇನ್ನೂ ಪೂರ್ತಿ ಬಂದಿರುವುದಿಲ್ಲ.

ಎರಡೂ ಅಂಚಿನಲ್ಲಿ K ಎಷ್ಟು ಅಂತ ಲೆಕ್ಕ ಹಾಕಿದರೆ ಕೆಳಗಿನದು 3.1, ಮೇಲಿನದು 160. ಅಂದರೆ ನಿನ್ನ 25ರಿಂದ ಮೇಲಕ್ಕೆ ಆರು ಪಟ್ಟು ಜಾಗ, ಕೆಳಕ್ಕೆ ಎಂಟು ಪಟ್ಟು ಜಾಗ. ಆ ಎಂಟೇ ನಿನಗೆ −8 ಆಗಿ ಕಂಡದ್ದು. ಇನ್ನೊಂದು ದಾಟುವಿಕೆ −0.16ರಲ್ಲಿದೆ, ಜೂಮ್ ಮಾಡಿದರೆ ಕಾಣುತ್ತದೆ. −1 ಅವೆರಡರ ನಡುವೆ ಇರುವವರೆಗೆ ಲೂಪ್ ಸ್ಥಿರ.

"ಎಂಟು ಪಟ್ಟಾಗಿ ವಾಪಸ್ ಬರುವ ಸಿಗ್ನಲ್ ಸುತ್ತಿ ಸುತ್ತಿ ಬೆಳೆಯಬೇಕಲ್ವಾ" ಅನ್ನುವುದು ನಿನ್ನ ನಿಜವಾದ ಅನುಮಾನ ಅಂತ ನನಗೆ ಅನ್ನಿಸುತ್ತದೆ. ಸಿಗ್ನಲ್ ಹಾಗೆ ಒಂದೊಂದೇ ಸುತ್ತು ಹಾಕುವುದಿಲ್ಲ. 5.6 ರೇಡಿಯನ್ನಿನಲ್ಲಿ ಒಂದು ಸೈನ್ ಕಮಾಂಡ್ ಕೊಡು. ಹೊರಗೆ ಬರುವುದು `L/(1+L)`, ಅಂದರೆ −8 ಭಾಗಿಸು −7, ಸುಮಾರು 1.14 ಪಟ್ಟು. ಅಷ್ಟೇ, ಬೆಳೆಯುವುದಿಲ್ಲ. −8 ಬದಲು ನಿಖರವಾಗಿ −1 ಆದಾಗ ಮಾತ್ರ ಕೆಳಗೆ ಸೊನ್ನೆ ಬರುತ್ತದೆ, ಸ್ಥಿರಕ್ಕೂ ಅಸ್ಥಿರಕ್ಕೂ ನಡುವಿನ ಗಡಿ ಅದೇ.

ನೈಕ್ವಿಸ್ಟಿನಲ್ಲಿ ಸುತ್ತು ಎಣಿಸುವಾಗ ಒಂದು ಕಡೆ ಎಲ್ಲರೂ ಎಡವುತ್ತಾರೆ. ಮೂರು ಪೋಲ್ ಸೊನ್ನೆಯಲ್ಲೇ ಇರುವುದರಿಂದ ಗೆರೆಯ ಎರಡು ತುದಿ ಅನಂತಕ್ಕೆ ಹೋಗುತ್ತವೆ. ಅವನ್ನು ಸೇರಿಸುವ ದೊಡ್ಡ ಕಮಾನು ಪರದೆಯಲ್ಲಿ ಕಾಣುವುದಿಲ್ಲ. ಅದು ಗಡಿಯಾರದ ದಿಕ್ಕಿನಲ್ಲಿ ಒಂದೂವರೆ ಸುತ್ತು, ಎಡ ಅಕ್ಷವನ್ನು ಎರಡು ಸಲ ದಾಟುತ್ತದೆ. −8ರ ಬಳಿ ಗೆರೆ ಮತ್ತು ಅದರ ಕನ್ನಡಿ ರೂಪ ಸೇರಿ ಎರಡು ಸಲ ಎದುರು ದಿಕ್ಕಿನಲ್ಲಿ ದಾಟುತ್ತವೆ. ಅದೂ ಇದೂ ಸೇರಿ ಸೊನ್ನೆ. ಗೇನ್ ಇಳಿಸಿದಾಗ ಗೆರೆ ಕುಗ್ಗಿ ಆ ದಾಟುವಿಕೆ −1ರ ಬಲಕ್ಕೆ ಬರುತ್ತದೆ, ಕಮಾನಿನ ಎರಡು ಮಾತ್ರ ಉಳಿಯುತ್ತವೆ. ಬಲ ಅರ್ಧದಲ್ಲಿ ಎರಡು ಪೋಲ್, ಅಂದರೆ ಬೆಳೆಯುವ ಓಲಾಟ ಅಂತ ಅರ್ಥ.

ರೂಟ್ ಲೋಕಸಿನಲ್ಲಿ ಇದೇ ಇನ್ನೂ ಬೇಗ ಕಣ್ಣಿಗೆ ಬೀಳುತ್ತದೆ. ಸೊನ್ನೆಯಲ್ಲಿರುವ ಮೂರು ಪೋಲ್‌ಗಳಲ್ಲಿ ಎರಡು ಹೊರಡುವುದೇ ±60 ಡಿಗ್ರಿಯಲ್ಲಿ, ಅಂದರೆ ಬಲ ಅರ್ಧದೊಳಕ್ಕೆ. K = 3.1ರಲ್ಲಿ ±5.6ರ ಬಳಿ ಅಕ್ಷ ದಾಟಿ ಎಡಕ್ಕೆ ಬರುತ್ತವೆ. 160ರಲ್ಲಿ ±89ರ ಬಳಿ ಕವಲುಗಳು ಮತ್ತೆ ಬಲಕ್ಕೆ ಹೋಗುತ್ತವೆ. ಆಕ್ಟೇವ್‌ನಲ್ಲಿ ನೋಡು:

```
pkg load control
s = tf('s');
L = 25*(s+5)^2/(s^3*(1+s/100)^2);
figure; nyquist(L); axis([-10 2 -5 5])
figure; rlocus(L/25)
```

ಉದ್ಯಮಬಾಗದ ಕಾಕಾ ತಮ್ಮ ಹೈಡ್ರಾಲಿಕ್ ಪ್ರೆಸ್ ಗೇನ್ ಇಳಿಸಿದ ಮೇಲೆ ಸುಮ್ಮನಾಯಿತು ಅಂದಿದ್ದಾರೆ. ಕಾಕಾ, ನಿಮ್ಮದರಲ್ಲಿ ಗೇನ್ ಮೇಲಿನ ಅಂಚು ದಾಟಿತ್ತು, ನಿಮ್ಮ ಮದ್ದು ಅಲ್ಲಿಗೆ ಸರಿ. ಇವನ ಕಾಯಿಲೆ ಕೆಳಗಿನ ಅಂಚಿನದು. ಗುರುತು ಹಿಡಿಯುವುದು ಸುಲಭ. ಇವನ ಲೂಪಿನಲ್ಲಿ ಗೇನ್ ಜಾಸ್ತಿ ಆದರೆ ಸೆಕೆಂಡಿಗೆ 14 ಸಲ ಗುರ್ ಅಂತ ನಡುಗುತ್ತದೆ. ಕಡಿಮೆ ಆದರೆ ಒಂದು ಓಲಾಟಕ್ಕೆ ಒಂದು ಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ.

ಈಗ ನಾನು ಒತ್ತಿ ಹೇಳಬೇಕಾದದ್ದು. K = 25ಕ್ಕೆ ವಾಪಸ್ ಹೋದರೂ ನೀನು ಪೂರ್ತಿ ಪಾರಾಗಿಲ್ಲ. ಗೇನ್ ನೀನು ಇಳಿಸದೆಯೂ ಇಳಿಯುತ್ತದೆ. ದೊಡ್ಡ ಗಾಳಿ ಹೊಡೆತಕ್ಕೆ ಪಿಐಡಿ ಕೇಳುವ ಕರೆಂಟ್ ಡ್ರೈವರಿನ ಮಿತಿಯನ್ನು ಮೀರುತ್ತದೆ. ಓಲಾಟದಲ್ಲಿ ಕೇಳಿದ್ದು ಮಿತಿಯ ಹತ್ತು ಪಟ್ಟು ಆದರೆ ಲೂಪಿಗೆ ನಿಜವಾಗಿ ಸಿಗುವ ಗೇನ್ ಸುಮಾರು ಎಂಟನೇ ಒಂದು ಭಾಗ. ಅದು ಸರಿಯಾಗಿ ನಿನ್ನ ಕೆಳ ಅಂಚು. ಅಲ್ಲಿಂದ ಓಲಾಟ ಬೆಳೆದಂತೆ ಗೇನ್ ಇನ್ನೂ ಇಳಿಯುತ್ತದೆ, ಇಳಿದಂತೆ ಓಲಾಟ ಇನ್ನೂ ಬೆಳೆಯುತ್ತದೆ. ಸಣ್ಣ ಚಲನೆಗೆ ವಾರಗಟ್ಟಲೆ ಚೆನ್ನಾಗಿ ನಡೆದ ಲೂಪ್ ಒಂದು ಜೋರು ಗಾಳಿಗೆ ಹೀಗೆ ಕೈ ಕೊಡಬಹುದು. ಆಂಟೆನಾ ಭಾರ ಹೆಚ್ಚಿಸಿದರೂ ಅಷ್ಟೇ, ಜಡತ್ವ ಎರಡು ಪಟ್ಟಾದರೆ ಗೇನ್ ಅರ್ಧ.

ಹಾಗಾಗಿ ಪಿಐಡಿಯ ಮೂರು ಗೇನನ್ನೂ ಒಟ್ಟಿಗೆ ಇಳಿಸುವುದು ಬಿಡು. `(s+5)²` ಬಿಡಿಸಿದರೆ Kd = K, Kp = 10K, Ki = 25K. Ki ಒಂದನ್ನೇ 5K ಮಾಡು. ಕೆಳ ಅಂಚು 3.1ರಿಂದ 0.62ಕ್ಕೆ ಬರುತ್ತದೆ, ಕೆಳಕ್ಕೆ ನಲವತ್ತು ಪಟ್ಟು ಜಾಗ ಸಿಗುತ್ತದೆ. ಬೆಲೆ ಏನಂದರೆ, ಗಾಳಿ ಒಂದೇ ಸಮ ಒತ್ತಿದಾಗ ತಪ್ಪು ಸರಿಹೋಗಲು ಕೆಲವು ಸೆಕೆಂಡು ಹಿಡಿಯುತ್ತದೆ. Ki ಪೂರ್ತಿ ತೆಗೆದರೆ ಕೆಳ ಅಂಚೇ ಇರುವುದಿಲ್ಲ, ಆದರೆ ಗಾಳಿ ಒತ್ತಿದಷ್ಟು ಹೊತ್ತು ಆಂಟೆನಾ ಒಂದಿಷ್ಟು ವಾಲಿಯೇ ನಿಲ್ಲುತ್ತದೆ. ನನ್ನ ಆಯ್ಕೆ 5K, ಜೊತೆಗೆ ಕರೆಂಟ್ ಮಿತಿ ಮುಟ್ಟಿದಾಗ ಇಂಟಿಗ್ರೇಟರ್ ಕೂಡಿಸುವುದನ್ನು ನಿಲ್ಲಿಸುವ ಒಂದು ಸಾಲು ಕೋಡ್. ಆನ್ ಮಾಡುವಾಗ ಮೊದಲು Ki ಸೊನ್ನೆ ಇಟ್ಟು ಶುರು ಮಾಡು, ಆಂಟೆನಾ ಜಾಗಕ್ಕೆ ಬಂದ ಮೇಲೆ Ki ಸೇರಿಸು.

ವಿಜಯಪುರದ ಅಕ್ಕಾರು ಬೇರಿಂಗ್ ಬಿಗಿ ಇರಬಹುದು ಅಂದಿದ್ದಾರಲ್ಲ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಬಿಗಿ ಬೇರಿಂಗ್ ಮತ್ತು Ki ಸೇರಿದರೂ ನಿಧಾನದ ಓಲಾಟ ಬರುತ್ತದೆ. ಆದರೆ ಅದರಲ್ಲಿ ಆಂಟೆನಾ ಪ್ರತಿ ತುದಿಯಲ್ಲೂ ಒಂದು ಕ್ಷಣ ಅಂಟಿಕೊಂಡು ನಿಂತು ಆಮೇಲೆ ಜಿಗಿಯುತ್ತದೆ, ಓಲಾಟದ ಅಳತೆಯೂ ಒಂದೇ ಇರುತ್ತದೆ. ನಿನ್ನದು ಬೆಳೆಯುತ್ತಿದೆ ಅಂದಿದ್ದೀಯ, ಅದಕ್ಕೇ ನಾನು ಗೇನ್ ಕಡೆ ವಾಲಿದ್ದು. ನೀನು ಹಾಕಿದ ವಿಡಿಯೋದಲ್ಲಿ ತುದಿ ಸರಿಯಾಗಿ ಕಾಣುತ್ತಿಲ್ಲ. ಆಂಟೆನಾ ಬಿಚ್ಚಿ ಬೇರೆ ಭಾರ ಹಾಕಬೇಡ, ಇರುವ ಹಾಗೇ K = 2ರಲ್ಲಿ ಎನ್‌ಕೋಡರ್ ಓದು ಮತ್ತು ಕರೆಂಟ್ ಕಮಾಂಡ್ ಎರಡನ್ನೂ ಹತ್ತು ಸೆಕೆಂಡು ಲಾಗ್ ಮಾಡಿ ಇಲ್ಲಿ ಹಾಕು. ಕೇಬಲ್ ಸುತ್ತಿಕೊಳ್ಳದ ಹಾಗೆ ಎರಡೂ ಕಡೆ ಲಿಮಿಟ್ ಸ್ವಿಚ್ ಇಟ್ಟುಕೊಂಡೇ ಮಾಡು.