ಪಾಲುದಾರಿಕೆ ಡೀಡ್ ಅನ್ನು ಕೊನೆಯ ಪುಟದಿಂದ ಓದಿ

ಪ್ರಶ್ನೆ: ಇಬ್ಬರು ನಡೆಸುತ್ತಿರುವ ಒಂದು ಫರ್ಮ್‌ಗೆ ಮೂರನೇ ಪಾಲುದಾರನಾಗಿ ಸೇರುತ್ತಿದ್ದೇನೆ. ಅವರ ಬಂಡವಾಳ 20 ಲಕ್ಷ ಮತ್ತು 10 ಲಕ್ಷ. ನಾನು 30 ಲಕ್ಷ ಹಾಕಬೇಕು. ಲಾಭ ಅವರಿಗೆ ಶೇ 40, ಶೇ 40, ನನಗೆ ಶೇ 20. ಹಳೇ ಡೀಡ್ ಕಳಿಸಿ, ಇದೇ ಷರತ್ತು ಮುಂದುವರಿಯುತ್ತದೆ ಅಂದಿದ್ದಾರೆ. ‘ವಿಸರ್ಜನೆಯಾದಲ್ಲಿ ಫರ್ಮ್‌ನ ಸಾಲ ತೀರಿಸಿ ಉಳಿದ ಆಸ್ತಿಯನ್ನು ಲಾಭದ ಪ್ರಮಾಣದಲ್ಲಿ ಹಂಚಿಕೊಳ್ಳತಕ್ಕದ್ದು’ ಅಂತ ಅದರಲ್ಲಿದೆ. ಲಾಭ, ಬಂಡವಾಳ, ನಿವೃತ್ತಿ, ವಿಸರ್ಜನೆ, ಈ ನಾಲ್ಕನ್ನು ಪಟ್ಟಿ ಮಾಡಿಕೊಳ್ಳೋಣ ಅಂತಿದ್ದೇನೆ. ಹೇಗೆ ಓದಬೇಕು?

ಉತ್ತರ: ನೀವು ಬರೆದ ಆ ಒಂದು ಸಾಲಿನಿಂದಲೇ ಶುರು ಮಾಡೋಣ, ಏಕೆಂದರೆ ನಿಮ್ಮ 30 ಲಕ್ಷದ ಭವಿಷ್ಯ ಅದರಲ್ಲೇ ಇದೆ.

ಮೂವರ ಬಂಡವಾಳ ಸೇರಿ 60 ಲಕ್ಷ. ವ್ಯಾಪಾರ ಸರಿಹೋಗದೆ ಮುಚ್ಚುವ ಹೊತ್ತಿಗೆ ಹೊರಗಿನವರ ಸಾಲ ತೀರಿಸಿ 45 ಲಕ್ಷ ಉಳಿಯಿತು ಅಂತಿಟ್ಟುಕೊಳ್ಳಿ. ಅಂದರೆ 15 ಲಕ್ಷ ನಷ್ಟ. ಡೀಡ್ ಈ ವಿಷಯದಲ್ಲಿ ಏನೂ ಹೇಳದೇ ಇದ್ದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ 48ನೇ ಕಲಂ ಅನ್ವಯವಾಗುತ್ತಿತ್ತು. ಅದರ ಪ್ರಕಾರ ಮೊದಲು ಹೊರಗಿನ ಸಾಲ, ಆಮೇಲೆ ಪಾಲುದಾರರು ಫರ್ಮ್‌ಗೆ ಕೊಟ್ಟ ಸಾಲ, ಆಮೇಲೆ ಬಂಡವಾಳ. ಇಷ್ಟೂ ಆದ ಮೇಲೆ ಮಿಕ್ಕಿದ್ದು ಮಾತ್ರ ಲಾಭದ ಪ್ರಮಾಣದಲ್ಲಿ ಹಂಚಿಕೆ. ನಷ್ಟವನ್ನು ಹೊರುವುದೂ ಲಾಭದ ಪ್ರಮಾಣದಲ್ಲೇ. ಹಾಗಾಗಿ 15 ಲಕ್ಷದಲ್ಲಿ ಅವರಿಬ್ಬರಿಗೆ ಆರಾರು ಲಕ್ಷ, ನಿಮಗೆ 3 ಲಕ್ಷ ಕಡಿತ. ಕೈಗೆ ಬರುವುದು ಕ್ರಮವಾಗಿ 14, 4 ಮತ್ತು 27 ಲಕ್ಷ.

ಈಗ ನಿಮ್ಮ ಡೀಡ್‌ನ ಮಾತನ್ನು ಅಕ್ಷರಶಃ ಹಿಡಿಯಿರಿ. ‘ಉಳಿದ ಆಸ್ತಿ’ 45 ಲಕ್ಷ, ಅದರಲ್ಲಿ ನಿಮ್ಮ ಶೇ 20 ಅಂದರೆ 9 ಲಕ್ಷ. ಅವರಿಬ್ಬರಿಗೆ ಹದಿನೆಂಟು ಹದಿನೆಂಟು. 10 ಲಕ್ಷ ಹಾಕಿದವರು 18 ತಗೊಂಡು ಹೋಗುತ್ತಾರೆ, 30 ಹಾಕಿದ ನೀವು 9. ಕಾಯ್ದೆಯ ಈ ನಿಯಮಗಳು ಬಹುಪಾಲು ಡೀಡ್ ಸುಮ್ಮನಿದ್ದಾಗ ಮಾತ್ರ ಅನ್ವಯ, ನೀವೇ ಬೇರೆ ಥರ ಒಪ್ಪಿ ಸಹಿ ಹಾಕಿದರೆ ಆ ಒಪ್ಪಂದವೇ ನಡೆಯುತ್ತದೆ. ‘ಬಂಡವಾಳ ಹಿಂತಿರುಗಿಸಿದ ಮೇಲೆ ಉಳಿದದ್ದು ಅನ್ನೋದೇ ಅದರ ಅರ್ಥ’ ಅಂತ ವಾದ ಮಾಡಬಹುದು ನಿಜ, ಆದರೆ ಆ ವಾದ ಮಾಡುವ ಸ್ಥಿತಿಗೆ ಬರುವುದೇ ನಷ್ಟ.

ಬರೆದವರಿಗೆ ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳ್ತಿಲ್ಲ. ಇಬ್ಬರ ಬಂಡವಾಳವೂ ಲಾಭವೂ ಸಮ ಇದ್ದ ಕಾಲದಲ್ಲಿ ಆ ಸಾಲು ಬರೆದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಬಂಡವಾಳದ ಪ್ರಮಾಣ ಮತ್ತು ಲಾಭದ ಪ್ರಮಾಣ ಬೇರೆ ಬೇರೆಯಾದ ಕೂಡಲೇ ಅದೇ ಸಾಲು ಅಪಾಯಕಾರಿ ಆಗುತ್ತದೆ. ನಿಮ್ಮಲ್ಲಿ ಬಂಡವಾಳ ಶೇ 50, ಲಾಭ ಶೇ 20.

ಅದಕ್ಕೇ ಡೀಡ್ ಅನ್ನು ಹಿಂದಿನಿಂದ ಮುಂದಕ್ಕೆ ಓದಿ ಅಂತೀನಿ. ಮೊದಲು ವಿಸರ್ಜನೆ, ಆಮೇಲೆ ನಿವೃತ್ತಿ, ಆಮೇಲೆ ಬಂಡವಾಳ, ಕೊನೆಗೆ ಲಾಭ. ಓದುವ ಮೊದಲು ಒಂದು ಕೆಲಸ: ಮೂಲ ಡೀಡ್ ಆದ ಮೇಲೆ ಮಾಡಿಕೊಂಡ ತಿದ್ದುಪಡಿ ಡೀಡ್, ಪೂರಕ ಡೀಡ್ ಇದ್ದರೆ ಎಲ್ಲವನ್ನೂ ಕೇಳಿ ತರಿಸಿ. ಪಟ್ಟಿಯಲ್ಲಿ ಪ್ರತಿ ಅಂಶದ ಪಕ್ಕ ಡೀಡ್‌ನ ಕಲಂ ಸಂಖ್ಯೆ ಮತ್ತು ಅದರದ್ದೇ ಪದಗಳನ್ನು ಬರೆಯಿರಿ, ನಿಮ್ಮ ಮಾತಲ್ಲಿ ಸಾರಾಂಶ ಬೇಡ. ಡೀಡ್ ಏನೂ ಹೇಳದ ಕಡೆ ಖಾಲಿ ಬಿಡಬೇಡಿ, ‘ಹೇಳಿಲ್ಲ’ ಅಂತ ಬರೆದು ಅಲ್ಲಿ ಕಾಯ್ದೆಯ ನಿಯಮ ಏನು ಅಂತ ಸೇರಿಸಿ.

ವಿಸರ್ಜನೆಯಲ್ಲಿ ಇನ್ನೊಂದನ್ನು ಹುಡುಕಿ. ಫರ್ಮ್ ಎಷ್ಟು ಕಾಲ ಇರುತ್ತದೆ, ಹೇಗೆ ಮುಗಿಯುತ್ತದೆ ಅಂತ ಎಲ್ಲೂ ಬರೆದಿಲ್ಲವಾದರೆ ಅದು ಇಚ್ಛಾನುಸಾರದ ಪಾಲುದಾರಿಕೆ. ಆಗ ಯಾವ ಪಾಲುದಾರನೇ ಆಗಲಿ ಉಳಿದವರಿಗೆಲ್ಲ ಲಿಖಿತ ನೋಟಿಸ್ ಕೊಟ್ಟು ಫರ್ಮ್ ಮುಗಿಸಬಹುದು. ಮೇಲಿನ 9 ಲಕ್ಷದ ಲೆಕ್ಕ ಒಂದು ಕಾಗದದಷ್ಟೇ ದೂರ ಅಂದಂಗಾಯ್ತು ಅಲ್ವಾ? ಪಾಲುದಾರ ತೀರಿಕೊಂಡರೂ, ಡೀಡ್‌ನಲ್ಲಿ ಬೇರೆ ಏನೂ ಹೇಳಿಲ್ಲದಿದ್ದರೆ, ಫರ್ಮ್ ವಿಸರ್ಜನೆ ಆಗುತ್ತದೆ.

ನಿವೃತ್ತಿಯ ಕಲಂನಲ್ಲಿ ನೋಟಿಸ್ ಎಷ್ಟು ತಿಂಗಳು ಅನ್ನೋದನ್ನು ಎಲ್ಲರೂ ನೋಡ್ತಾರೆ. ಆದರೆ ದುಡ್ಡಿನ ಮಾತು ಇರುವುದು ‘ಕೊನೆಯ ಬ್ಯಾಲೆನ್ಸ್ ಶೀಟ್ ಪ್ರಕಾರ ಬಂಡವಾಳ ಖಾತೆಯಲ್ಲಿ ಇರುವ ಮೊತ್ತ’ ಎಂಬಂಥ ಪದಗಳಲ್ಲಿ. ನೀವು ಅಕ್ಟೋಬರ್‌ನಲ್ಲಿ ಹೊರಟರೆ ಕೊನೆಯ ಬ್ಯಾಲೆನ್ಸ್ ಶೀಟ್ ಮಾರ್ಚ್ 31ರದ್ದು, ನಡುವಿನ ತಿಂಗಳುಗಳ ಲಾಭ ಅದರಲ್ಲಿ ಇರುವುದಿಲ್ಲ. ಫರ್ಮ್‌ನ ಜಾಗ ಹಳೇ ಖರೀದಿ ಬೆಲೆಯಲ್ಲೇ ಕೂತಿರುತ್ತದೆ. ಗುಡ್‌ವಿಲ್, ಅಂದರೆ ಫರ್ಮ್‌ನ ಹೆಸರಿಗೂ ಗಿರಾಕಿಗಳ ನಂಬಿಕೆಗೂ ಕಟ್ಟುವ ಬೆಲೆ, ಲೆಕ್ಕಕ್ಕೇ ಬಂದಿರುವುದಿಲ್ಲ.

ಇದನ್ನು ನಿಮ್ಮ ಬಂಡವಾಳದ ಕಲಂ ಜೊತೆ ಸೇರಿಸಿ ಓದಿ. ನೀವು ತರುವ 30 ಲಕ್ಷ ಪೂರ್ತಿ ನಿಮ್ಮ ಬಂಡವಾಳ ಖಾತೆಗೆ ಜಮಾ ಆಗುತ್ತದಾ? ಅದರಲ್ಲಿ 6 ಲಕ್ಷವನ್ನು ಗುಡ್‌ವಿಲ್ ಅಂತ ಹಳೇ ಪಾಲುದಾರರ ಖಾತೆಗೆ ಹಾಕಿದರೆ ನಿಮ್ಮ ಖಾತೆ ಶುರುವಾಗುವುದೇ 24ರಿಂದ. ಒಳಗೆ ಬರುವಾಗ ಗುಡ್‌ವಿಲ್ ಕೊಟ್ಟು, ಹೊರಗೆ ಹೋಗುವಾಗ ಖಾತೆಯ ಮೊತ್ತ ಮಾತ್ರ ತಗೊಳ್ಳುವ ಡೀಡ್‌ಗಳು ಬೇಕಾದಷ್ಟಿವೆ. ಎರಡೂ ಕಡೆ ಒಂದೇ ಅಳತೆ ಇರಲಿ ಅಂತ ಕೇಳುವುದು ನಿಮ್ಮ ನ್ಯಾಯವಾದ ಹಕ್ಕು.

ಹಣ ಯಾವಾಗ ಕೊಡುತ್ತಾರೆ ಅನ್ನೋದೂ ಪಟ್ಟಿಗೆ ಸೇರಲಿ. 36 ಕಂತು, ಬಡ್ಡಿ ಇಲ್ಲ ಅಂತ ಬರೆದಿದ್ದರೆ ನೀವು ಮೂರು ವರ್ಷ ಬಿಟ್ಟಿ ಸಾಲ ಕೊಟ್ಟಂತೆ. ಡೀಡ್ ಏನೂ ಹೇಳದೆ, ಲೆಕ್ಕ ತೀರಿಸದೆ ಉಳಿದವರು ವ್ಯಾಪಾರ ಮುಂದುವರಿಸಿದರೆ ಕಾಯ್ದೆ ನಿಮಗೆ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತದೆ. ನಿಮ್ಮ ಪಾಲಿನ ಹಣ ಬಳಸಿದ್ದರಿಂದ ಬಂದ ಲಾಭ, ಅಥವಾ ವರ್ಷಕ್ಕೆ ಶೇ 6 ಬಡ್ಡಿ. ಇಲ್ಲಿ ಡೀಡ್ ಮೌನವಾಗಿರುವುದೇ ನಿಮಗೆ ಲಾಭ. ಹೊರಬಂದ ಮೇಲೆ ನಿವೃತ್ತಿಯ ಸಾರ್ವಜನಿಕ ಪ್ರಕಟಣೆ ಕೊಡುವುದು ಯಾರ ಹೊಣೆ ಅಂತಲೂ ನೋಡಿ, ಅದಾಗುವ ತನಕ ಹೊರಗಿನವರ ಪಾಲಿಗೆ ನೀವು ಇನ್ನೂ ಹೊಣೆಗಾರರೇ.

ಲಾಭದ ಕಲಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಶೇ 20 ಯಾವುದರ ಮೇಲೆ ಅನ್ನೋದಷ್ಟೇ ಮುಖ್ಯ: ಬಂಡವಾಳದ ಬಡ್ಡಿ, ದುಡಿಯುವ ಪಾಲುದಾರರ ಸಂಬಳ ಕಳೆಯುವ ಮೊದಲೋ ಆಮೇಲೋ? ವರ್ಷದ ಲಾಭ 12 ಲಕ್ಷ, ಅದರಲ್ಲಿ ಅವರಿಬ್ಬರ ಸಂಬಳ 8 ಲಕ್ಷ ಅಂದರೆ, ಉಳಿದ 4 ಲಕ್ಷದಲ್ಲಿ ನಿಮ್ಮ ಪಾಲು 80 ಸಾವಿರ. ನಿಮ್ಮ ಬಂಡವಾಳಕ್ಕೆ ಬಡ್ಡಿ ಅಂತ ಡೀಡ್‌ನಲ್ಲಿ ಬರೆದಿಲ್ಲದಿದ್ದರೆ ಅದನ್ನು ಹಕ್ಕಿನಿಂದ ಕೇಳಲಾಗುವುದಿಲ್ಲ.

ನೀವು ಸೇರುವಾಗ ಹೇಗಿದ್ದರೂ ಹೊಸ ಡೀಡ್ ಬರೆಯಬೇಕು. ‘ಹಳೇ ಷರತ್ತೇ ಮುಂದುವರಿಯುತ್ತದೆ’ ಅನ್ನುವ ಒಂದು ಸಾಲಿಗೆ ಒಪ್ಪಬೇಡಿ. ವಿಸರ್ಜನೆಯ ಕಲಂ ಹೀಗೆ ಬದಲಾಗಲಿ: ‘ಹೊರಗಿನವರ ಸಾಲ, ನಂತರ ಪಾಲುದಾರರ ಸಾಲ, ನಂತರ ಪ್ರತಿ ಪಾಲುದಾರರ ಬಂಡವಾಳ ಹಿಂತಿರುಗಿಸಿ, ಆಮೇಲೆ ಉಳಿದದ್ದನ್ನು ಲಾಭದ ಪ್ರಮಾಣದಲ್ಲಿ ಹಂಚತಕ್ಕದ್ದು, ಬಂಡವಾಳಕ್ಕೆ ಕೊರತೆ ಬಿದ್ದರೆ ಅದನ್ನೂ ಲಾಭದ ಪ್ರಮಾಣದಲ್ಲೇ ಹೊರತಕ್ಕದ್ದು.’ ಸೇರುವ ಮುಂಚಿನ ಸಾಲಕ್ಕೆ ಕಾಯ್ದೆ ನಿಮ್ಮನ್ನು ಹೊಣೆ ಮಾಡುವುದಿಲ್ಲ, ಆದರೆ ‘ಎಲ್ಲ ಹೊಣೆಗಳನ್ನೂ ವಹಿಸಿಕೊಂಡಿದ್ದಾರೆ’ ಎಂಬ ಮಾತು ಹೊಸ ಡೀಡ್‌ನಲ್ಲಿ ನುಸುಳಿದರೆ ಆ ರಕ್ಷಣೆ ಕೈ ತಪ್ಪಬಹುದು.

ಸಹಿ ಆದ ಮೇಲೆ ಫರ್ಮ್‌ಗಳ ರಿಜಿಸ್ಟ್ರಾರ್ ಕಚೇರಿಯಲ್ಲಿ ಬದಲಾವಣೆ ದಾಖಲಿಸಿ, ನಿಮ್ಮ ಹೆಸರು ಇರುವ ಪ್ರತಿ ತಗೊಳ್ಳಿ. ಫರ್ಮ್ ನೋಂದಣಿ ಆಗಿರಬೇಕು, ಆ ರಿಜಿಸ್ಟರ್‌ನಲ್ಲಿ ನೀವು ಪಾಲುದಾರ ಅಂತ ಇರಬೇಕು. ಇಲ್ಲದಿದ್ದರೆ ಫರ್ಮ್ ನಡೆಯುತ್ತಿರುವಾಗ ಡೀಡ್‌ನ ಹಕ್ಕಿಗಾಗಿ ಫರ್ಮ್ ಮೇಲಾಗಲಿ ಉಳಿದ ಪಾಲುದಾರರ ಮೇಲಾಗಲಿ ದಾವೆ ಹಾಕಲು ಬರುವುದಿಲ್ಲ.