ಒಂದೇ ಲಿಸ್ಟಿಂಗ್‌ನಲ್ಲಿ ಬಣ್ಣ, ಸೈಜ್ ಎರಡೂ ಇದ್ದಾಗ ಸ್ಟಾಕ್ ಲೆಕ್ಕ

ಪ್ರಶ್ನೆ: ಧಾರವಾಡದಿಂದ ಕಸೂತಿ ಕುರ್ತಾ ಆನ್‌ಲೈನ್‌ನಲ್ಲಿ ಮಾರ್ತೀನಿ. 3 ಬಣ್ಣ, 4 ಸೈಜ್. ಒಂದೇ ಲಿಸ್ಟಿಂಗ್‌ನಲ್ಲಿ ಹಾಕಿದ್ರೆ ಸ್ಟಾಕ್ ಲೆಕ್ಕ ತಪ್ಪುತ್ತೆ, ಏನ್ ಮಾಡ್ಲಿ?

ಉತ್ತರ: ಲೆಕ್ಕವನ್ನು ಬಣ್ಣಕ್ಕೂ ಇಡಬೇಡಿ, ಸೈಜಿಗೂ ಇಡಬೇಡಿ, ಎರಡರ ಜೋಡಿಗೆ ಇಡಿ. ನಿಮ್ಮಲ್ಲಿ 12 ಜೋಡಿ ಆಗುತ್ತವೆ. ಪ್ರತಿಯೊಂದಕ್ಕೂ ಬೇರೆ SKU, ಅಂದರೆ ಮಾಲು ಗುರುತಿಸುವ ಕೋಡ್, ಕೊಡಿ. ಕಪ್ಪು ಬಣ್ಣದ ಎಲ್ ಸೈಜಿಗೆ `KST-BLK-L`, ಎಂ ಸೈಜಿಗೆ `KST-BLK-M`, ಹೀಗೆ. ಬರೀ ಅಂಕಿಗಳ ಕೋಡ್ ಇಟ್ಟರೆ ಸೊನ್ನೆಯಿಂದ ಶುರು ಮಾಡಬೇಡಿ, ಎಕ್ಸೆಲ್ ಅದನ್ನು ನಂಬರ್ ಅಂದುಕೊಂಡು ಸೊನ್ನೆ ನುಂಗಿಬಿಡುತ್ತದೆ. ಅದೇ ಕೋಡ್ ಇರುವ ಚೀಟಿ ಕವರ್ ಮೇಲೂ ಇರಲಿ.

ಲೆಕ್ಕ ಜಾಸ್ತಿ ತಪ್ಪುವುದು ವಾಪಸ್ ಬಂದ ಮಾಲಿನಲ್ಲಿ. ಕಪ್ಪು ಎಂ 5, ಎಲ್ 2 ಇದೆ ಅಂದುಕೊಳ್ಳಿ. ಗದಗದಿಂದ ಒಂದು ಎಲ್ ವಾಪಸ್ ಬಂತು, ನೀವು ಚೀಟಿ ನೋಡದೆ ಎಂ ಲೆಕ್ಕಕ್ಕೆ ಸೇರಿಸಿದಿರಿ. ಒಟ್ಟು 8 ಸರಿಯಾಗೇ ಕಾಣುತ್ತದೆ, ಆದರೆ ಇಲ್ಲದ ಆರನೇ ಎಂ ಮಾರಾಟಕ್ಕೆ ನಿಂತಿರುತ್ತದೆ! ಅದಕ್ಕೇ ಒಟ್ಟು ಎಣಿಸಿ ಬಿಡಬೇಡಿ, ಒಂದೊಂದು SKU ಎಣಿಸಿ.

ಕೊಳ್ಳುವವರ ಕಡೆಯಿಂದ ನೋಡಿದರೆ, ಬಣ್ಣ ಒತ್ತಿದ ಕೂಡಲೇ ಅದೇ ಬಣ್ಣದ ಫೋಟೋ ಬರಬೇಕು, ಇಲ್ಲದಿದ್ದರೆ ಮೆರೂನ್ ನೋಡಿ ಕಪ್ಪು ಆರ್ಡರ್ ಮಾಡುತ್ತಾರೆ, ಅದು ಮತ್ತೆ ವಾಪಸ್ ಬರುತ್ತದೆ. ಸೈಜ್ ಜೊತೆ ಎದೆ ಅಳತೆ ಇಂಚಿನಲ್ಲಿ ಬರೆಯಿರಿ, ಅದು ಬಟ್ಟೆಯದೋ ಮೈಯದೋ ಅಂತಲೂ ಹೇಳಿ. ಖಾಲಿಯಾದ ಜೋಡಿಯನ್ನು ಅಳಿಸಬೇಡಿ, ಸ್ಟಾಕ್ 0 ಮಾಡಿ ಸಾಕು.