ಗಟಾರದ ನೀರು ಎಲ್ಲಿ ನಿಲ್ಲುತ್ತದೆ?

ಮಾನ್ಯ ಸಂಪಾದಕರೇ,
ಮಳೆ ಬಂದರೆ ಸಾಕು, ಕಾರವಾರದ ನಮ್ಮ ಓಣಿಯ ಗಟಾರ ಅಂಗಳಕ್ಕೇ ಉಕ್ಕುತ್ತದೆ. ವಾರ್ಡ್ ಸದಸ್ಯರಿಗೆ ಮೂರು ಸಲ ಹೇಳಿದೆ, ‘ಮಾಡಿಸುವಾ’ ಅಂದರು. ಜನಸ್ಪಂದನದಲ್ಲಿ ದೂರು ಹಾಕಿದರೆ ‘ಪರಿಹರಿಸಲಾಗಿದೆ’ ಎಂಬ ಸಂದೇಶ ಬಂತು. ನೀರು ಮಾತ್ರ ಅಲ್ಲೇ ಇದೆ.
— ಓದುಗರೊಬ್ಬರು, ಕಾರವಾರ

ಆ ಸಂದೇಶ ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ‘ಗಟಾರ ಸ್ವಚ್ಛ ಮಾಡಿ’ ಎಂದು ಬರೆದಿದ್ದರೆ ದೂರು ನಗರಸಭೆಯ ಆರೋಗ್ಯ ಶಾಖೆಗೆ ಹೋಗಿರುತ್ತದೆ. ಅವರು ನಾಲ್ಕು ಬುಟ್ಟಿ ಹೂಳೆತ್ತಿ, ಫೋಟೊ ಹಾಕಿ ಮುಗಿಸಿರಬಹುದು. ಕುಸಿದ ಗೋಡೆ, ತಪ್ಪಿದ ಇಳಿಜಾರು ಇಂಜಿನಿಯರಿಂಗ್ ಶಾಖೆಯ ಕೆಲಸ. ನಿಮ್ಮ ಗಟಾರ ಹೆದ್ದಾರಿ 66ರ ಅಡಿಯ ಮೋರಿಗೆ ಸೇರುವುದಾದರೆ ಅದು ನಗರಸಭೆಯ ಕೈಯಲ್ಲೇ ಇಲ್ಲ.

ಹಾಗಾಗಿ ಮುಂದಿನ ಮಳೆಗೆ ಕೊಡೆ ಹಿಡಿದು ನೀರಿನ ಜೊತೆ ಕೆಳಗೆ ನಡೆಯಿರಿ. ಮೋರಿಯ ಮೇಲ್ಬದಿಯಲ್ಲಿ ನೀರು ತುಂಬಿ ನಿಂತು, ಆಚೆ ಬದಿಯಲ್ಲಿ ತಳ ಕಾಣುತ್ತಿದ್ದರೆ ಕಟ್ಟಿರುವುದು ಮೋರಿ. ಎರಡೂ ಕಡೆ ಒಂದೇ ಮಟ್ಟದಲ್ಲಿ ತುಂಬಿದ್ದರೆ ಅಡ್ಡಿ ಇನ್ನೂ ಕೆಳಗಿದೆ, ಇಲ್ಲವೇ ಸಮುದ್ರ ಭರತದಲ್ಲಿದೆ. ನಮ್ಮ ಕರಾವಳಿಯಲ್ಲಿ ಇದನ್ನು ಮರೆತು ಬೈಯುವವರೇ ಹೆಚ್ಚು! ಭರತದಿಂದ ಇಳಿತಕ್ಕೆ ಸುಮಾರು ಆರು ತಾಸು. ಇಳಿತದಲ್ಲೂ ನೀರು ಕದಲದಿದ್ದರೆ ಆಗ ದೂರು ಗಟ್ಟಿ.

ಈಗ ಹೊಸದಾಗಿ ಹೀಗೆ ಬರೆಯಿರಿ: ‘ಇಂಥ ವಾರ್ಡ್, ಇಂಥ ಅಂಗಡಿಯ ಎದುರಿನ ಮೋರಿ. ಮೇಲ್ಬದಿಯಲ್ಲಿ ಎರಡು ಅಡಿ ನೀರು, ಕೆಳಬದಿ ಖಾಲಿ. ಇಳಿತದ ವೇಳೆ ತೆಗೆದ ಫೋಟೊ ಲಗತ್ತಿಸಿದೆ. ಮೋರಿಯ ಒಳಗಿನ ಹೂಳು ತೆಗೆಯಬೇಕು.’ ಒಂದು ದೂರಿಗೆ ಒಂದೇ ಕೆಲಸ. ರಸ್ತೆಯ ಹೊಂಡ, ಬೀದಿದೀಪ ಸೇರಿಸಿದರೆ ದೀಪ ಹಾಕಿ ದೂರು ಮುಚ್ಚುತ್ತಾರೆ. ಜನಸ್ಪಂದನಕ್ಕೆ 1902ಕ್ಕೆ ಕರೆ ಮಾಡಿಯೂ ಹೇಳಬಹುದು, ದೂರು ಸಂಖ್ಯೆ ಬರೆದಿಟ್ಟುಕೊಳ್ಳಿ. ಹೆದ್ದಾರಿಯ ಮೋರಿಯಾದರೆ ಕೇಂದ್ರದ pgportal.gov.in ಸರಿಯಾದ ಬಾಗಿಲು.

ವಾರ್ಡ್ ಸದಸ್ಯರನ್ನು ಬಿಡಬೇಡಿ, ಆದರೆ ಬರೀ ಬಾಯಿಮಾತು ಸಾಲದು. ಹೂಳೆತ್ತಲು ಅವರ ಒಂದು ಫೋನ್ ಸಾಕಾದೀತು. ಹೊಸ ಗಟಾರಕ್ಕೆ ಹಣ ಬೇಕು, ಅದು ಕ್ರಿಯಾಯೋಜನೆಗೆ ಸೇರಬೇಕು. ಅಲ್ಲಿ ಪೋರ್ಟಲ್‌ಗಿಂತ ಸದಸ್ಯರ ಮಾತೇ ನಡೆಯುವುದು. ಓಣಿಯವರೆಲ್ಲ ಸಹಿ ಹಾಕಿದ ಅರ್ಜಿ ಪೌರಾಯುಕ್ತರ ಹೆಸರಿಗಿರಲಿ, ಅದರ ಒಂದು ಪ್ರತಿ ವಾರ್ಡ್ ಸದಸ್ಯರಿಗೆ. ನಗರಸಭೆಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳದೆ ಹೊರಬರಬೇಡಿ.

ಮತ್ತೆಯೂ ‘ಪರಿಹರಿಸಲಾಗಿದೆ’ ಎಂದು ಬಂದರೆ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿ ಹಾಕಿ. ‘ಯಾಕೆ ಮಾಡಲಿಲ್ಲ’ ಎಂದು ಕೇಳಬೇಡಿ, ಅದಕ್ಕೆ ಉತ್ತರ ಬರುವುದಿಲ್ಲ. ಈ ಸಂಖ್ಯೆಯ ದೂರನ್ನು ಮುಕ್ತಾಯಗೊಳಿಸಿದ ವರದಿ ಮತ್ತು ಸ್ಥಳದ ಫೋಟೊಗಳ ಪ್ರತಿ ಕೊಡಿ ಎಂದಷ್ಟೇ ಕೇಳಿ. 30 ದಿನದೊಳಗೆ ಉತ್ತರಿಸಬೇಕು. ಅವರ ಫೋಟೊದಲ್ಲಿರುವುದು ನಿಮ್ಮ ಮೋರಿಯೋ, ಪಕ್ಕದ ಓಣಿಯದೋ ಆಗ ಗೊತ್ತಾಗುತ್ತದೆ.

— ಸಂಪಾದಕ